ನಾಲೆಯಲ್ಲಿ ಸಿಕ್ಕ ಹೆಣ, 20 ಅಂಕ: ಕಸ್ಟಡಿ ಸಾವಿನ ಪ್ರಶ್ನೆ ಬಿಡಿಸುವ ಬಗೆ

ಪ್ರಶ್ನೆ: ಸರ್, ನಾನು ಮಂಡ್ಯದಿಂದ ದಿನಾ ರೈಲಿನಲ್ಲಿ ಮೈಸೂರಿಗೆ ಹೋಗಿ ಎಲ್‌ಎಲ್‌ಬಿ ಓದುತ್ತಿದ್ದೇನೆ. ಮಾನವ ಹಕ್ಕುಗಳ ಪೇಪರಿನ ಮಾದರಿ ಪರೀಕ್ಷೆಯಲ್ಲಿ ಈ ಸಮಸ್ಯೆ ಬಂತು: “ಆಲೆಮನೆಯ ಕೂಲಿಕಾರ, 32 ವರ್ಷ, ತಿಂಗಳ ದುಡಿಮೆ 15,000 ರೂಪಾಯಿ. ಪಂಪ್‌ಸೆಟ್ ಕಳವಿನ ಅನುಮಾನದ ಮೇಲೆ ಸಂಜೆ ಠಾಣೆಗೆ ಕರೆದೊಯ್ದರು. ಮಾರನೇ ದಿನ ವಿ.ಸಿ. ನಾಲೆಯಲ್ಲಿ ಹೆಣ ಸಿಕ್ಕಿತು. ರಾತ್ರಿ ತಪ್ಪಿಸಿಕೊಂಡು ಓಡುವಾಗ ನಾಲೆಗೆ ಬಿದ್ದ ಎನ್ನುತ್ತದೆ ಸರ್ಕಾರ. ಸಾರ್ವಭೌಮ ವಿನಾಯಿತಿಯೂ ಇದೆ ಎನ್ನುತ್ತದೆ. ತಾಯಿ, ಹೆಂಡತಿ, ಇಬ್ಬರು ಮಕ್ಕಳಿದ್ದಾರೆ. ತಾಯಿಯ ರಿಟ್ ಅರ್ಜಿಯನ್ನು ತೀರ್ಮಾನಿಸಿ.” 21ನೇ ವಿಧಿ, ಮಾನವ ಹಕ್ಕುಗಳ ಘೋಷಣೆ, ಬಂಧಿಸುವಾಗ ಪೊಲೀಸರು ಪಾಲಿಸಬೇಕಾದ ಡಿ.ಕೆ. ಬಸು ಪ್ರಕರಣದ 11 ಸೂಚನೆ ಎಲ್ಲ ಸೇರಿಸಿ ನಾಲ್ಕು ಪುಟ ಬರೆದೆ. 20ಕ್ಕೆ 8 ಕೊಟ್ಟು “ತೀರ್ಮಾನ ಎಲ್ಲಿ?” ಎಂದು ಬರೆದಿದ್ದಾರೆ. ಪೊಲೀಸರ ತಪ್ಪು ಕ್ರಿಮಿನಲ್ ಕೋರ್ಟಿನಲ್ಲಿ ಸಾಬೀತಾಗುವ ಮೊದಲೇ ಪರಿಹಾರ ಕೊಡಿ ಎಂದು ಹೇಗೆ ಬರೆಯುವುದು? ಮೊತ್ತ ಎಷ್ಟೆಂದು ಹೇಳುವುದು?

ಉತ್ತರ: ನೀವು ಬರೆದದ್ದರಲ್ಲಿ ತಪ್ಪು ಇದ್ದಂತಿಲ್ಲ, ಆದರೆ ಅದು ಬೇರೆ ಪ್ರಶ್ನೆಗೆ ಉತ್ತರ. ಸರ್ಕಾರ ಇಲ್ಲಿ ಎರಡು ವಾದ ಹೂಡಿದೆ. ಅವನು ಓಡಿಹೋಗಿ ಬಿದ್ದ ಎಂಬುದು ಸಂಗತಿಯ ವಾದ. ಆಳುವ ಅಧಿಕಾರ ಚಲಾಯಿಸುವಾಗ ನೌಕರರು ಎಸಗಿದ ತಪ್ಪಿಗೆ ಸರ್ಕಾರ ನಷ್ಟ ಕಟ್ಟಬೇಕಿಲ್ಲ ಎಂಬ ವಿನಾಯಿತಿ ಇದೆ ಎಂಬುದು ಕಾನೂನಿನ ವಾದ. ಹೆಚ್ಚಿನವರು ಎರಡನೆಯದಕ್ಕೆ ಮೊದಲು ಕೈಹಾಕುತ್ತಾರೆ, ಏಕೆಂದರೆ ಪುಸ್ತಕದಲ್ಲಿ ಇರುವುದು ಅದು. ಆದರೆ ಅವನು ನಿಜವಾಗಿಯೂ ಓಡಿ ಬಿದ್ದು ಸತ್ತಿದ್ದರೆ ಹಲ್ಲೆಯ ಮಾತೇ ಬರುವುದಿಲ್ಲ, ವಿನಾಯಿತಿಯ ಚರ್ಚೆಯೂ ಆ ಮಟ್ಟಿಗೆ ಅನವಶ್ಯಕ. ಆದ್ದರಿಂದ ಮೊದಲು ನಾಲೆ, ಆಮೇಲೆ ವಿನಾಯಿತಿ.

ಕನ್ನಡದಲ್ಲಿ ಬರೆಯುವವರಿಗೆ ಒಂದು ಎಚ್ಚರಿಕೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ರೆಮಿಡಿ, ಕಾಂಪೆನ್ಸೇಷನ್ ಎರಡಕ್ಕೂ ನಾವು ‘ಪರಿಹಾರ’ ಎಂದೇ ಬರೆಯುತ್ತೇವೆ. ‘ಪರಿಹಾರವು ಸಾರ್ವಜನಿಕ ಕಾನೂನಿನ ಪರಿಹಾರ’ ಎಂದು ಬರೆದರೆ ಓದುವವರಿಗೆ ಏನೂ ತಿಳಿಯುವುದಿಲ್ಲ. ಹಣಕ್ಕೆ ‘ನಷ್ಟ ಪರಿಹಾರ’ ಎಂದೂ, ಕೋರ್ಟು ಒದಗಿಸುವ ದಾರಿಗೆ ‘ಕಾನೂನು ಉಪಾಯ’ ಎಂದೂ ಮೊದಲ ಸಾಲಿನಲ್ಲೇ ಬೇರ್ಪಡಿಸಿಕೊಳ್ಳಿ. ಕೆಳಗೆ ನಾನೂ ಹಾಗೆಯೇ ಬಳಸುತ್ತೇನೆ.

ಈ ಸಮಸ್ಯೆಯನ್ನು ಕೊಟ್ಟವರ ಮನಸ್ಸಿನಲ್ಲಿ ಇದ್ದ ಪ್ರಕರಣ ನೀಲಾಬತಿ ಬೆಹೆರಾ ವಿರುದ್ಧ ಒರಿಸ್ಸಾ ರಾಜ್ಯ, 1993. ಹೆಸರು ಎಲ್ಲರಿಗೂ ಗೊತ್ತು, ಸಂಗತಿಗಳನ್ನು ಓದಿದವರು ಕಡಿಮೆ. ಸುಂದರ್‌ಗಢ ಜಿಲ್ಲೆಯ ಜರಾಯ್‌ಕೇಲಾ ಹೊರಠಾಣೆಯ ಪೊಲೀಸರು 1987ರ ಡಿಸೆಂಬರ್ 1ರ ಬೆಳಿಗ್ಗೆ ಸುಮನ್ ಬೆಹೆರಾ ಎಂಬ 22ರ ಯುವಕನನ್ನು ಕಳವಿನ ತನಿಖೆಗಾಗಿ ಮನೆಯಿಂದ ಕರೆದೊಯ್ದರು. ಮಾರನೇ ದಿನ ಅವನ ಹೆಣ ರೈಲು ಹಳಿಯ ಮೇಲೆ ಸಿಕ್ಕಿತು. ಬೆಳಗಿನ ಜಾವ 3 ಗಂಟೆಯ ಹೊತ್ತಿಗೆ ಕಟ್ಟಿದ್ದ ಹಗ್ಗವನ್ನು ಹಲ್ಲಿನಿಂದ ಕಡಿದುಕೊಂಡು ಓಡಿಹೋದ, ರೈಲಿಗೆ ಸಿಕ್ಕಿ ಸತ್ತ ಎಂದರು ಪೊಲೀಸರು. ತಾಯಿ 1988ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟಿಗೆ ಒಂದು ಪತ್ರ ಬರೆದರು. ಕೋರ್ಟು ಅದನ್ನೇ 32ನೇ ವಿಧಿಯ ರಿಟ್ ಅರ್ಜಿಯಾಗಿ ತೆಗೆದುಕೊಂಡಿತು. ಹಳಿಯ ಜಾಗದಲ್ಲಿ ನಾಲೆ ಇಟ್ಟರೆ ನಿಮ್ಮ ಪ್ರಶ್ನೆ.

ರಿಟ್‌ನಲ್ಲಿ ವಿವಾದಿತ ಸಂಗತಿಗಳನ್ನು ತೀರ್ಮಾನಿಸಲಾಗದು ಎಂಬ ಮಾತನ್ನು ನೀವು ತರಗತಿಯಲ್ಲಿ ಕೇಳಿರುತ್ತೀರಿ. ಅದು ಅರ್ಧ ಸತ್ಯ. ಇಲ್ಲಿ ಸುಪ್ರೀಂ ಕೋರ್ಟು ತಾನೇ ಸಾಕ್ಷಿಗಳನ್ನು ಕೂರಿಸಿಕೊಳ್ಳಲಿಲ್ಲ, ತಾಯಿಯನ್ನು ಸಿವಿಲ್ ಕೋರ್ಟಿಗೂ ಅಟ್ಟಲಿಲ್ಲ. ಸುಂದರ್‌ಗಢದ ಜಿಲ್ಲಾ ನ್ಯಾಯಾಧೀಶರಿಂದ ವಿಚಾರಣೆ ನಡೆಸಿ ವರದಿ ತರಿಸಿಕೊಂಡಿತು. ವರದಿ ಬಂದದ್ದು ಕಸ್ಟಡಿಯಲ್ಲಿ ಆದ ಗಾಯಗಳಿಂದಲೇ ಸಾವು ಎಂದು. ಸರ್ಕಾರ ಅದನ್ನು ಒಪ್ಪಲಿಲ್ಲ. ಆಗ ಕೋರ್ಟು ಸಾಕ್ಷ್ಯವನ್ನು ಮತ್ತೆ ತೂಗಿ ನೋಡಿತು. ಆ ತೂಗುವಿಕೆಯನ್ನೇ ನಿಮ್ಮ ಉತ್ತರದಲ್ಲಿ ಅನುಸರಿಸಬೇಕಾದದ್ದು.

ಹುಡುಗ ಪೊಲೀಸರ ವಶದಲ್ಲಿದ್ದ, ಜೀವಂತವಾಗಿ ಕೊನೆಯ ಬಾರಿ ಕಂಡದ್ದು ಅಲ್ಲಿ. ಆದ್ದರಿಂದ ಆಮೇಲೆ ಏನಾಯಿತೆಂದು ಹೇಳುವ ಹೊಣೆ ಪೊಲೀಸರದು. ಗಾಯಗಳು ಮೊಂಡಾದ ಗಟ್ಟಿ ವಸ್ತುವಿನ ಹೊಡೆತದವು, ಲಾಠಿಯಿಂದ ಆಗಬಹುದಾದವು, ಎಲ್ಲವೂ ರೈಲಿನಿಂದ ಆಗಿರಲಾರವು ಎಂದು ಶವಪರೀಕ್ಷೆ ಮಾಡಿದ ವೈದ್ಯರು ಹೇಳಿದರು. ಎಲ್ಲಕ್ಕಿಂತ ಚೆಂದದ ಅಂಶ ಇನ್ನೊಂದು: ಆರೋಪಿ ಓಡಿಹೋದದ್ದು ನಿಜವಾಗಿದ್ದರೆ ಪೊಲೀಸರು ಹುಡುಕಬೇಕಿತ್ತಲ್ಲ? ಹುಡುಕಿದ್ದಕ್ಕೆ ನಂಬುವಂಥ ಸ್ವತಂತ್ರ ಸಾಕ್ಷ್ಯವೇ ಇರಲಿಲ್ಲ. ಹೆಣವನ್ನು ಮೊದಲು ಕಂಡವರು ರೈಲ್ವೆ ಸಿಬ್ಬಂದಿ. ಪೊಲೀಸರು ಅಲ್ಲಿಗೆ ಬಂದದ್ದು ಬಹಳ ಹೊತ್ತಿನ ಮೇಲೆ. ತಪ್ಪಿಸಿಕೊಂಡ ಕಥೆ ಅಲ್ಲಿಗೆ ಬಿದ್ದುಹೋಯಿತು.

ಇದನ್ನು ನಾಲೆಗೆ ಒಗ್ಗಿಸಿ. ಸಮಸ್ಯೆಯಲ್ಲಿ ಶವಪರೀಕ್ಷೆಯ ವಿವರ ಕೊಟ್ಟಿಲ್ಲ, ಹಾಗಾಗಿ ‘ಹೀಗಿದ್ದರೆ ಹೀಗೆ’ ಎಂದು ಬರೆಯಬೇಕು. ಉಸಿರಾಡುತ್ತಿದ್ದವನು ಮುಳುಗಿದರೆ ಸಾಮಾನ್ಯವಾಗಿ ಬಾಯಿ ಮೂಗಿನಲ್ಲಿ ಸಣ್ಣ ಬಿಳಿ ನೊರೆ, ಉಬ್ಬಿದ ಶ್ವಾಸಕೋಶ ಕಾಣುತ್ತವೆ. ನೀರಿನಲ್ಲಿರುವ ಡಯಾಟಮ್ ಎಂಬ ಸೂಕ್ಷ್ಮ ಪಾಚಿ ರಕ್ತದ ಜೊತೆ ಮೂಳೆಯ ಮಜ್ಜೆಯವರೆಗೂ ಹೋಗಿರುತ್ತದೆ. ಸತ್ತ ಮೇಲೆ ನೀರಿಗೆ ಎಸೆದಿದ್ದರೆ ಇವು ಸಿಗುವ ಸಂಭವ ಕಡಿಮೆ. ಲಾಠಿ ಏಟು ಚರ್ಮದ ಮೇಲೆ ಎರಡು ಸಮಾನಾಂತರ ಕೆಂಪು ಗೆರೆ ಮೂಡಿಸುತ್ತದೆ, ನಡುವೆ ಚರ್ಮ ಬಿಳಚಿಕೊಂಡಿರುತ್ತದೆ. ನಾಲೆಯ ಕಲ್ಲಿಗೆ ತಗುಲಿದ ತರಚು ಗಾಯ ಹಾಗಿರುವುದಿಲ್ಲ. ಅಂಗಾಲಿನ ಬಾವು ಇದ್ದರೆ ಅದು ಬೀಳುವುದರಿಂದ ಬಂದದ್ದಲ್ಲ ಎಂದು ಬಹುಮಟ್ಟಿಗೆ ಹೇಳಬಹುದು. ಒಂದು ಸೂಕ್ಷ್ಮ ಮಾತ್ರ ಗಮನದಲ್ಲಿರಲಿ: ಮುಳುಗಿಯೇ ಸತ್ತ ಎಂದಾದರೂ ಮೈಮೇಲೆ ಲಾಠಿ ಗುರುತು ಇದ್ದರೆ ಸರ್ಕಾರ ಪಾರಾಗುವುದಿಲ್ಲ. ಹೊಡೆತ ತಾಳಲಾರದೆ ಓಡಿದನೋ, ಪ್ರಜ್ಞೆ ತಪ್ಪಿದವನನ್ನು ನೀರಿಗೆ ಹಾಕಿದರೋ ಎಂಬ ಪ್ರಶ್ನೆ ಉಳಿದೇ ಇರುತ್ತದೆ. ಯಾವ ಗುರುತೂ ಇಲ್ಲದೆ ಮುಳುಗಿದ್ದರೆ ಅರ್ಜಿದಾರರ ವಾದ ತೆಳುವಾಗುತ್ತದೆ. ವಶದಲ್ಲಿದ್ದವನನ್ನು ಜೋಪಾನವಾಗಿ ಇಟ್ಟುಕೊಳ್ಳುವ ಹೊಣೆ ತಪ್ಪಿತು ಎಂಬಷ್ಟೇ ಉಳಿಯುತ್ತದೆ.

ಠಾಣೆಯ ಕಾಗದಗಳೂ ಮಾತಾಡುತ್ತವೆ. ಬಂಧನದ ಮೆಮೊ ಇದೆಯೇ, ಅದಕ್ಕೆ ಮನೆಯವರ ಅಥವಾ ಊರಿನ ಗಣ್ಯರೊಬ್ಬರ ಸಹಿ ಇದೆಯೇ? ವೈದ್ಯಕೀಯ ತಪಾಸಣೆ ಆಯಿತೇ? ಓಡಿಹೋದದ್ದಕ್ಕೆ ಆ ರಾತ್ರಿಯೇ ಪ್ರಕರಣ ದಾಖಲಾಯಿತೇ, ಇಲ್ಲ ಹೆಣ ಸಿಕ್ಕ ಮೇಲೆ ದಾಖಲಾಯಿತೇ? ಡಿ.ಕೆ. ಬಸು ಪ್ರಕರಣದ 11 ಸೂಚನೆಗಳಿಗೆ ಜಾಗ ಇರುವುದು ಇಲ್ಲಿ. ಅವನ್ನು ಬಾಯಿಪಾಠದ ಪಟ್ಟಿಯಾಗಿ ಸುರಿಯದೆ, ಯಾವ ಸೂಚನೆ ಮುರಿದದ್ದರಿಂದ ಯಾವ ಸಂಶಯ ಗಟ್ಟಿಯಾಯಿತು ಎಂದು ಹೇಳಿದರೆ ಎರಡೇ ಸೂಚನೆ ಸಾಕು. 2020ರ ಪರಮ್‌ವೀರ್ ಸಿಂಗ್ ಸೈನಿ ತೀರ್ಪಿನ ಮೇಲೆ ಠಾಣೆಗಳಲ್ಲಿ ಸಿಸಿಟಿವಿ ಇರಬೇಕು, ದೃಶ್ಯಗಳನ್ನು 18 ತಿಂಗಳು, ಅದು ಆಗದಿದ್ದಲ್ಲಿ ಕನಿಷ್ಠ ಒಂದು ವರ್ಷ ಉಳಿಸಬೇಕು. ‘ಆ ರಾತ್ರಿ ಕ್ಯಾಮೆರಾ ಕೆಟ್ಟಿತ್ತು’ ಎಂಬ ಉತ್ತರ ಬಂದರೆ ಅದನ್ನು ಸರ್ಕಾರದ ವಿರುದ್ಧ ಓದಲು ನಿಮಗೆ ಆಧಾರ ಇದೆ. ಠಾಣೆಯ ಒಳಗೆ ನಡೆದದ್ದು ಅಲ್ಲಿದ್ದವರಿಗೇ ಗೊತ್ತು. ವಿಶೇಷವಾಗಿ ತನಗೇ ಗೊತ್ತಿರುವ ಸಂಗತಿಯನ್ನು ಅವನೇ ರುಜುವಾತು ಮಾಡಬೇಕು ಎಂಬ ಹಳೆಯ 106ನೇ ಸೆಕ್ಷನ್ ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 109ನೇ ಸೆಕ್ಷನ್.

ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 196ನೇ ಸೆಕ್ಷನ್ ಪ್ರಕಾರ ಕಸ್ಟಡಿ ಸಾವಾದಾಗ ಪೊಲೀಸರ ತನಿಖೆಯ ಜೊತೆಗೆ ಮ್ಯಾಜಿಸ್ಟ್ರೇಟರ ನ್ಯಾಯಿಕ ವಿಚಾರಣೆಯೂ ನಡೆಯಬೇಕು. ನೀಲಾಬತಿ ಪ್ರಕರಣದಲ್ಲಿ ಜಿಲ್ಲಾ ನ್ಯಾಯಾಧೀಶರ ವರದಿ ಮಾಡಿದ ಕೆಲಸವನ್ನು ಇಂದು ಈ ವರದಿ ಮಾಡಬಲ್ಲದು. ಹೈಕೋರ್ಟು ಅದನ್ನು ತರಿಸಿಕೊಳ್ಳಲಿ ಎಂದು ಬರೆಯಿರಿ. ಮಂಡ್ಯ, ಮೈಸೂರು ಎರಡೂ ಬೆಂಗಳೂರಿನ ಪ್ರಧಾನ ಪೀಠಕ್ಕೆ ಸೇರಿದವು. 226ನೇ ವಿಧಿಯ ಅರ್ಜಿ ಅಲ್ಲಿಗೇ ಹೋಗುತ್ತದೆ.

ಇನ್ನು ವಿನಾಯಿತಿ. ಈ ವಾದದ ಬೇರು 1965ರ ಕಸ್ತೂರಿಲಾಲ್ ಪ್ರಕರಣ. ಮೀರತ್ ಪೊಲೀಸರು ವ್ಯಾಪಾರಿಯೊಬ್ಬರಿಂದ ಚಿನ್ನ ವಶಪಡಿಸಿಕೊಂಡರು. ಮಾಲ್ಖಾನೆಯಲ್ಲಿದ್ದ ಆ ಚಿನ್ನದ ಸಮೇತ ಹೆಡ್ ಕಾನ್‌ಸ್ಟೆಬಲ್ ಪಾಕಿಸ್ತಾನಕ್ಕೆ ಓಡಿಹೋದ. ಬಂಧಿಸುವುದು, ವಶಪಡಿಸಿಕೊಳ್ಳುವುದು ಸಾರ್ವಭೌಮ ಅಧಿಕಾರದ ಕೆಲಸ, ಅದರಲ್ಲಿ ನೌಕರ ಎಸಗಿದ ಅಜಾಗರೂಕತೆಗೆ ಸರ್ಕಾರ ನಷ್ಟ ಕಟ್ಟಬೇಕಿಲ್ಲ ಎಂದಿತು ಐವರು ನ್ಯಾಯಮೂರ್ತಿಗಳ ಪೀಠ. ನಿಮ್ಮ ಸಮಸ್ಯೆಯ ಸರ್ಕಾರ ಹಿಡಿದಿರುವುದು ಇದೇ ಕೋಲು.

‘ನೀಲಾಬತಿ ತೀರ್ಪು ಕಸ್ತೂರಿಲಾಲ್ ತೀರ್ಪನ್ನು ರದ್ದು ಮಾಡಿತು’ ಎಂದು ಬರೆಯಬೇಡಿ. ಮೂವರ ಪೀಠ ಐವರ ಪೀಠದ ತೀರ್ಪನ್ನು ರದ್ದು ಮಾಡಲು ಬರುವುದಿಲ್ಲ, ಮಾಡಲೂ ಇಲ್ಲ. ನ್ಯಾಯಮೂರ್ತಿ ಜೆ.ಎಸ್. ವರ್ಮಾ ಮಾಡಿದ್ದು ಗಡಿಗೆರೆ ಎಳೆಯುವ ಕೆಲಸ. ಕಸ್ತೂರಿಲಾಲ್ ಪ್ರಕರಣ ಸಿವಿಲ್ ದಾವೆ. ಅಲ್ಲಿ ನೌಕರನ ತಪ್ಪಿಗೆ ಯಜಮಾನನಾದ ಸರ್ಕಾರ ಹೊಣೆಯೇ ಎಂಬುದು ಪ್ರಶ್ನೆ, 300ನೇ ವಿಧಿಯ ಲೆಕ್ಕ. ರಿಟ್‌ನಲ್ಲಿ ಕೇಳುವುದು ಬೇರೆ: ಮೂಲಭೂತ ಹಕ್ಕನ್ನು ಕಾಪಾಡಬೇಕಾದ ರಾಜ್ಯವೇ ಅದನ್ನು ಮುರಿದಿದೆ, ಅದಕ್ಕೆ ರಾಜ್ಯವೇ ನೇರ ಹೊಣೆ. ಆ ಹೊಣೆ ಕಟ್ಟುನಿಟ್ಟಿನದು, ಅದಕ್ಕೆ ಸಾರ್ವಭೌಮ ವಿನಾಯಿತಿ ಅನ್ವಯಿಸುವುದೇ ಇಲ್ಲ. ಖಾಸಗಿ ಕಾನೂನಿನ ದಾವೆಯಲ್ಲಿ ಆ ವಾದ ಸಿಗುವುದಾದರೆ ಸಿಗಲಿ. ಸಾರ್ವಜನಿಕ ಕಾನೂನು ಉಪಾಯ ಎಂದರೆ ಇಷ್ಟೇ. ಇದಕ್ಕೆ 10 ವರ್ಷ ಹಿಂದೆ, ಖುಲಾಸೆಯಾದ ಮೇಲೂ 14 ವರ್ಷ ಬಿಹಾರದ ಜೈಲಿನಲ್ಲಿ ಕೊಳೆತ ರುದುಲ್ ಸಾಹ್‌ಗೆ ಕೋರ್ಟು ಹಣ ಕೊಡಿಸಿತ್ತು, ಆದರೆ ಯಾವ ತತ್ತ್ವದ ಮೇಲೆ ಎಂಬುದು ಅಷ್ಟು ಸ್ಪಷ್ಟವಾಗಿರಲಿಲ್ಲ. ಅದನ್ನು ಬಿಡಿಸಿ ಹೇಳಿದ್ದು ನೀಲಾಬತಿ ತೀರ್ಪು.

‘ಕಟ್ಟುನಿಟ್ಟಿನ ಹೊಣೆ’ ಎಂಬ ಮಾತು ಕೆಲವರನ್ನು ದಾರಿ ತಪ್ಪಿಸುತ್ತದೆ. ಯಾರ ಲಾಠಿ ಯಾವ ಏಟು ಹಾಕಿತು, ಉದ್ದೇಶ ಏನಿತ್ತು ಎಂದು ತಾಯಿ ತೋರಿಸಬೇಕಿಲ್ಲ. ಆದರೆ ಅವನು ಪೊಲೀಸರ ವಶದಲ್ಲಿದ್ದ, ಅಲ್ಲಿ ಆದ ಹಿಂಸೆಯಿಂದ ಸತ್ತ ಎಂಬುದು ಸ್ಥಾಪನೆಯಾಗಲೇಬೇಕು. 2006ರ ಸುಬೇ ಸಿಂಗ್ ವಿರುದ್ಧ ಹರಿಯಾಣ ರಾಜ್ಯ ಪ್ರಕರಣದಲ್ಲಿ ಇದು ಸಿಗದೆ ನಷ್ಟ ಪರಿಹಾರವನ್ನು ನಿರಾಕರಿಸಲಾಯಿತು. ಹಕ್ಕಿನ ಉಲ್ಲಂಘನೆ ಎದ್ದು ಕಾಣುವಂತಿದೆಯೇ, ಅದು ಕೋರ್ಟಿನ ಅಂತಃಸಾಕ್ಷಿಯನ್ನು ಕಲಕುವಷ್ಟು ಘೋರವೇ, ಹಿಂಸೆಯಿಂದ ಸಾವಾಗಿದೆಯೇ ಅಥವಾ ವೈದ್ಯರ ವರದಿ, ಕಣ್ಣಿಗೆ ಕಾಣುವ ಗಾಯದ ಗುರುತು, ಅಂಗವೈಕಲ್ಯ ಇವುಗಳ ಬೆಂಬಲ ಇದೆಯೇ ಎಂದು ಆ ತೀರ್ಪು ಕೇಳುತ್ತದೆ. ನಿಮ್ಮ ಉತ್ತರದಲ್ಲಿ ಈ ಪ್ರಕರಣ ಇರಲೇಬೇಕು. ತಾಯಿಯ ಪರ ಇರುವುದನ್ನಷ್ಟೇ ಪೇರಿಸಿದರೆ ಅದು ವಕೀಲರ ವಾದವಾಗುತ್ತದೆ. ನಿಮ್ಮನ್ನು ಕೇಳಿದ್ದು ತೀರ್ಪು.

ಕ್ರಿಮಿನಲ್ ಕೋರ್ಟಿನ ತೀರ್ಪಿಗೆ ಕಾಯಬೇಕೇ ಎಂಬ ನಿಮ್ಮ ಪ್ರಶ್ನೆಗೆ ಉತ್ತರ, ಕಾಯಬೇಕಿಲ್ಲ. ಅಲ್ಲಿ ನಿರ್ದಿಷ್ಟ ವ್ಯಕ್ತಿಯ ಅಪರಾಧ ಸಂಶಯಾತೀತವಾಗಿ ಸಾಬೀತಾಗಬೇಕು, ಇಲ್ಲಿ ರಾಜ್ಯದ ಹೊಣೆ. ಠಾಣೆಯೊಳಗಿನ ಘಟನೆಗೆ ಸಾಕ್ಷಿ ಹೇಳಬೇಕಾದವರೂ ಪೊಲೀಸರೇ, ಅವರು ಒಬ್ಬರನ್ನೊಬ್ಬರು ಬಿಟ್ಟುಕೊಡುವುದಿಲ್ಲ ಎಂಬುದನ್ನು ಸುಪ್ರೀಂ ಕೋರ್ಟೇ 1995ರ ಶ್ಯಾಮಸುಂದರ್ ತ್ರಿವೇದಿ ಪ್ರಕರಣದಲ್ಲಿ ಗುರುತಿಸಿದೆ. ನಮ್ಮ ರಾಜ್ಯದಲ್ಲಿ ಇನ್ನೊಂದು ತೊಡಕೂ ಇದೆ. ಕರ್ನಾಟಕ ಪೊಲೀಸ್ ಕಾಯ್ದೆಯ 170ನೇ ಸೆಕ್ಷನ್. ಕರ್ತವ್ಯಕ್ಕೆ ನಂಟಿರುವ ಕೃತ್ಯ ಮಿತಿ ಮೀರಿದ್ದರೂ ಪೊಲೀಸರ ಮೇಲೆ ಮೊಕದ್ದಮೆ ಹೂಡಲು ಸರ್ಕಾರದ ಪೂರ್ವಾನುಮತಿ ಬೇಕು ಎಂದು 2020ರ ಡಿ. ದೇವರಾಜ ಪ್ರಕರಣದಲ್ಲಿ ಹೇಳಲಾಗಿದೆ. ಅದು ಇಲ್ಲಿಯದೇ ಪ್ರಕರಣ. ರಿಟ್‌ಗೆ ಈ ಅನುಮತಿ ಬೇಕಿಲ್ಲ. ಆದ್ದರಿಂದಲೇ ಬಡವರಿಗೆ ಈ ಉಪಾಯ ಇಷ್ಟು ಮುಖ್ಯವಾದದ್ದು. ಅದೇ ಕಾರಣಕ್ಕೆ ಖಜಾನೆಯಿಂದ ಹಣ ಕೊಟ್ಟು ಕೈತೊಳೆದುಕೊಳ್ಳುವ ಚಾಳಿಗೂ ಅದು ದಾರಿ ಮಾಡಿದೆ ಎಂಬುದು ನನ್ನ ಅಭಿಪ್ರಾಯ.

ಮೊತ್ತದ ವಿಷಯಕ್ಕೆ ಬರೋಣ. ಸುಮನ್ ಬೆಹೆರಾನ ವಯಸ್ಸು, ತಿಂಗಳಿಗೆ 1,200ರಿಂದ 1,500 ರೂಪಾಯಿ ದುಡಿಮೆ ಇವನ್ನು ಗಮನಿಸಿ ಕೋರ್ಟು 1,50,000 ರೂಪಾಯಿ ಕೊಡಿಸಿತು. ಸೂತ್ರ ಹಾಕಿ ಗುಣಿಸಲಿಲ್ಲ. ಇಲ್ಲಿ ಒಳಗೊಳಗೇ ಒಂದು ಎಳೆದಾಟವೂ ಇದೆ. ಅದೇ ತೀರ್ಪಿನಲ್ಲಿ ಪ್ರತ್ಯೇಕವಾಗಿ ಬರೆದ ನ್ಯಾಯಮೂರ್ತಿ ಎ.ಎಸ್. ಆನಂದ್ ಈ ಹಣವನ್ನು ಮಾದರಿಯಾಗಿ ವಿಧಿಸುವ ದಂಡದ ಸ್ವರೂಪದ್ದು ಎಂದರು. ಮೂರು ವರ್ಷ ಬಿಟ್ಟು ಡಿ.ಕೆ. ಬಸು ಪ್ರಕರಣದಲ್ಲಿ ಅವರೇ ಒತ್ತು ಇರಬೇಕಾದದ್ದು ನಷ್ಟ ತುಂಬುವುದಕ್ಕೆ, ದಂಡಿಸುವುದಕ್ಕಲ್ಲ, ಗಾಯಕ್ಕೆ ಮುಲಾಮು ಹಚ್ಚುವುದು ಉದ್ದೇಶ ಎಂದರು. ಈ ವ್ಯತ್ಯಾಸವನ್ನು ಎರಡು ಸಾಲಿನಲ್ಲಿ ಗುರುತಿಸಿದರೆ ನೀವು ತೀರ್ಪನ್ನೇ ಓದಿದ್ದೀರಿ ಎಂದು ಪರೀಕ್ಷಕರಿಗೆ ಗೊತ್ತಾಗುತ್ತದೆ.

ವಯಸ್ಸು, ಆದಾಯ, ಅವಲಂಬಿತರು ಎಲ್ಲವನ್ನೂ ಪ್ರಶ್ನೆಯಲ್ಲಿ ಕೊಟ್ಟಿರುವುದರಿಂದ ಒಂದು ಅಂದಾಜು ತೋರಿಸುವುದು ಒಳ್ಳೆಯದು. ಮೋಟಾರು ಅಪಘಾತದ ಲೆಕ್ಕವನ್ನು ಅಳತೆಗೋಲಾಗಿ ಇಟ್ಟುಕೊಳ್ಳಿ. ತಿಂಗಳಿಗೆ 15,000 ಎಂದರೆ ವರ್ಷಕ್ಕೆ 1,80,000. ವಯಸ್ಸು 40ರೊಳಗೆ, ಸ್ವಂತ ದುಡಿಮೆ ಅಥವಾ ನಿಗದಿತ ಸಂಬಳದವರಿಗೆ ಮುಂದಿನ ಗಳಿಕೆಯ ಬಾಬ್ತು ಶೇ. 40 ಸೇರಿಸಿದರೆ 2,52,000. ಅವಲಂಬಿತರು ನಾಲ್ವರು, ಆದ್ದರಿಂದ ಅವನ ಸ್ವಂತ ಖರ್ಚಿಗೆ ಕಾಲು ಭಾಗ ಕಳೆದರೆ 1,89,000. 31ರಿಂದ 35 ವರ್ಷದವರಿಗೆ ಗುಣಕ 16. ಗುಣಿಸಿದರೆ 30,24,000 ರೂಪಾಯಿ. ರಿಟ್ ಕೋರ್ಟು ಇಷ್ಟನ್ನೇ ಕೊಡಬೇಕೆಂದಿಲ್ಲ. ಇದು ಖಾಸಗಿ ಕಾನೂನಿನ ಪೂರ್ಣ ನಷ್ಟದ ಸುಮಾರು ಅಳತೆ. ರಿಟ್‌ನಲ್ಲಿ ಸಿಗುವುದು ಇದಕ್ಕಿಂತ ಕಡಿಮೆ ಇರಬಹುದು ಎಂದು ಸ್ಪಷ್ಟವಾಗಿ ಬರೆಯಿರಿ.

ಉಳಿದದ್ದಕ್ಕೆ ಸಿವಿಲ್ ದಾವೆಯ ದಾರಿ ಮುಚ್ಚುವುದಿಲ್ಲ. ಆದರೆ ಅದರಲ್ಲಿ ಗುಂಡಿಗಳಿವೆ. ಸರ್ಕಾರದ ಮೇಲೆ ದಾವೆಗೆ ಮೊದಲು ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೇ ಸೆಕ್ಷನ್ ಪ್ರಕಾರ ಎರಡು ತಿಂಗಳ ನೋಟಿಸು ಬೇಕು. ಸಾವಿನ ಬಗ್ಗೆ 1855ರ ಮಾರಕ ಅಪಘಾತ ಕಾಯ್ದೆಯಡಿ ಕೇಳುವುದಾದರೆ ಕಾಲಮಿತಿ ಸಾವಿನ ದಿನದಿಂದ ಎರಡು ವರ್ಷ. ರಿಟ್ ತೀರ್ಮಾನವಾಗಲಿ ಎಂದು ಕೂತರೆ ಅದು ಕಳೆದುಹೋಗುತ್ತದೆ. ವಿನಾಯಿತಿಯ ವಾದವನ್ನು ಸರ್ಕಾರ ಅಲ್ಲಿ ಮತ್ತೆ ಎತ್ತಬಹುದು. ಗೆದ್ದರೂ ರಿಟ್‌ನಲ್ಲಿ ಪಡೆದ ಹಣವನ್ನು ಅದರಿಂದ ಕಳೆಯಲಾಗುತ್ತದೆ. ಮಾನವ ಹಕ್ಕುಗಳ ಆಯೋಗವೂ ಇದೆ. ಕಸ್ಟಡಿ ಸಾವಾದ 24 ಗಂಟೆಯೊಳಗೆ ರಾಷ್ಟ್ರೀಯ ಆಯೋಗಕ್ಕೆ ತಿಳಿಸಬೇಕು ಎಂಬ ಸೂಚನೆ 1993ರಿಂದ ಇದೆ. ಅಲ್ಲಿಗೆ ದೂರು ಒಂದು ವರ್ಷದೊಳಗೆ ಹೋಗಬೇಕು. ಆಯೋಗ ತಾತ್ಕಾಲಿಕ ನೆರವಿಗೂ ಶಿಫಾರಸು ಮಾಡಬಲ್ಲದು, ಆದರೆ ಕಾಯ್ದೆಯ 18ನೇ ಸೆಕ್ಷನ್‌ನ ಪದ ಶಿಫಾರಸು ಎಂದೇ. ರಿಟ್ ಆದೇಶದ ಬಲ ಅದಕ್ಕಿಲ್ಲ.

ಕೊನೆಯ ಅರ್ಧ ಪುಟವನ್ನು ‘ಆದೇಶ’ ಎಂಬ ತಲೆಬರಹಕ್ಕೆ ಮೀಸಲಿಡಿ, ನಿಮಗೆ ಬಿಟ್ಟುಹೋದದ್ದು ಅದು. ಮ್ಯಾಜಿಸ್ಟ್ರೇಟರ ವರದಿ ಮತ್ತು ಶವಪರೀಕ್ಷೆ ಹಲ್ಲೆಯನ್ನು ಸಮರ್ಥಿಸುತ್ತವೆ ಎಂಬ ಆಧಾರದ ಮೇಲೆ ಅರ್ಜಿ ಪುರಸ್ಕೃತ. ವಿನಾಯಿತಿಯ ವಾದ ತಿರಸ್ಕೃತ. ಇಂತಿಷ್ಟು ಹಣವನ್ನು ಇಷ್ಟು ವಾರದೊಳಗೆ ಕೊಡಬೇಕು. ಅರ್ಜಿ ಹಾಕಿದ್ದು ತಾಯಿಯೊಬ್ಬರೇ ಆದರೂ ಹೆಂಡತಿ, ಮಕ್ಕಳ ಪಾಲು ಬೇರೆ ಬೇರೆ ಹೇಳಬೇಕು, ಮಕ್ಕಳ ಹಣ ಅವರು ಪ್ರಾಪ್ತರಾಗುವವರೆಗೆ ಬ್ಯಾಂಕಿನಲ್ಲಿ ಠೇವಣಿ. ತಪ್ಪಿತಸ್ಥ ಅಧಿಕಾರಿಗಳಿಂದ ವಸೂಲು ಮಾಡಿಕೊಳ್ಳಲು ಸರ್ಕಾರಕ್ಕೆ ಸ್ವಾತಂತ್ರ್ಯ. 9 ವರ್ಷದ ಹುಡುಗ ಪೊಲೀಸರ ಹೊಡೆತದಿಂದ ಸತ್ತ 1990ರ ಸಹೇಲಿ ಪ್ರಕರಣದಲ್ಲಿ ತಾಯಿಗೆ 75,000 ರೂಪಾಯಿ ಕೊಡಿಸಿ ಹೀಗೆಯೇ ಹೇಳಲಾಗಿತ್ತು. ಕ್ರಿಮಿನಲ್ ಮತ್ತು ಇಲಾಖಾ ಕ್ರಮಕ್ಕೆ ಈ ಆದೇಶದಿಂದ ಅಡ್ಡಿಯಿಲ್ಲ, ಸಿವಿಲ್ ದಾವೆಯ ಹಕ್ಕು ಉಳಿದಿದೆ, ಈ ಮೊತ್ತವನ್ನು ಅಲ್ಲಿ ಕಳೆಯತಕ್ಕದ್ದು ಎಂದು ಮುಗಿಸಿ. ಅರ್ಜಿಯ ಖರ್ಚನ್ನೂ ಮರೆಯಬೇಡಿ: ನೀಲಾಬತಿ ತೀರ್ಪಿನಲ್ಲಿ ಅದು 10,000 ರೂಪಾಯಿ, ಸುಪ್ರೀಂ ಕೋರ್ಟಿನ ಕಾನೂನು ನೆರವು ಸಮಿತಿಗೆ ಸಂದಾಯ.